ಶಸ್ತ್ರಕ್ರಿಯೆಯ ದಿನದ ಉಪವಾಸವೂ ಬೆಳಗಿನ ಗುಳಿಗೆಗಳೂ

ನಮ್ಮ ಮನೆತನಗಳಲ್ಲಿ ಉಪವಾಸವೆಂಬುದು ಹೊಸ ಮಾತಲ್ಲ. ಏಕಾದಶಿಯಂದು ಅನ್ನವನ್ನು ಬಿಟ್ಟು ಹಾಲುಹಣ್ಣುಗಳಿಂದ ದಿನವನ್ನು ಕಳೆಯುವವರುಂಟು. ತೊಟ್ಟು ನೀರನ್ನೂ ಮುಟ್ಟದೆ ಇರುವ ನಿಷ್ಠರೂ ಉಂಟು. ಈ ಎರಡು ಬಗೆಯ ಉಪವಾಸಗಳು ನಮಗೆ ಎಷ್ಟು ಬಳಕೆಯಾಗಿವೆಯೆಂದರೆ, ಶಸ್ತ್ರಕ್ರಿಯೆಯ ಹಿಂದಿನ ದಿನ ಡಾಕ್ಟರು “ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದೊಡನೆ ಇವೆರಡರಲ್ಲಿ ಒಂದು ನಮ್ಮ ಮನಸ್ಸಿಗೆ ಬರುತ್ತದೆ. ಒಬ್ಬರು, ಹಾಲು ಊಟವೇನಲ್ಲವಷ್ಟೆ ಎಂದುಕೊಂಡು ಒಂದು ಲೋಟ ಹಾಲನ್ನು ಕುಡಿದು ಹೊರಡುತ್ತಾರೆ. ಇನ್ನೊಬ್ಬರು ಹಿಂದಿನ ರಾತ್ರಿಯಿಂದ ನೀರನ್ನು ಬಿಟ್ಟು, ನಿತ್ಯದ ಗುಳಿಗೆಗಳನ್ನೂ ಬಿಟ್ಟು, ಬಾಯಾರಿ ಬಳಲಿ ಆಸ್ಪತ್ರೆಯನ್ನು ಸೇರುತ್ತಾರೆ. ಇಬ್ಬರೂ ತಿಳಿಯದೆ ತಪ್ಪಿದವರೇ. ಶಸ್ತ್ರಕ್ರಿಯೆಗೆ ಮುಂಚಿನ ಉಪವಾಸದಲ್ಲಿ ಹಾಲು ನಿಷಿದ್ಧ. ನೀರು ಒಂದು ಹೊತ್ತಿನವರೆಗೆ ವಿಹಿತ. ಗುಳಿಗೆಗಳಲ್ಲಿ ಕೆಲವು ಬಿಡತಕ್ಕವು, ಕೆಲವು ಬಿಡಬಾರದವು. ಈ ತಿಂಗಳು ಈ ವಿಷಯವನ್ನು ಕುರಿತು, ಮುಖ್ಯವಾಗಿ ಗುಳಿಗೆಗಳನ್ನು ಕುರಿತು, ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಮಗೆ ಆಪ್ತರಾದವರ ಮನೆಯೊಂದರಲ್ಲಿ ನಡೆದ ಸಂಗತಿಯಿಂದ ಆರಂಭಿಸುವುದು ಅನುಕೂಲ. ಆ ಮನೆಯ ಹಿರಿಯಾಕೆಗೆ ಅರುವತ್ತನಾಲ್ಕು ವರ್ಷ. ಪಿತ್ತಕೋಶದಲ್ಲಿ ಕಲ್ಲುಗಳಾಗಿ ಮೂರು ನಾಲ್ಕು ಬಾರಿ ಹೊಟ್ಟೆನೋವಿನಿಂದ ನರಳಿದ ಮೇಲೆ, ಆ ಕೋಶವನ್ನು ತೆಗೆಸಿಬಿಡುವುದೆಂದು ನಿಶ್ಚಯವಾಯಿತು. ಆಕೆಗೆ ಮಧುಮೇಹವೂ ರಕ್ತದ ಒತ್ತಡವೂ ಇದ್ದುವು; ಥೈರಾಯ್ಡ್ ಗ್ರಂಥಿಯ ದೌರ್ಬಲ್ಯವೂ ಇತ್ತು. ಪ್ರತಿದಿನ ಬೆಳಗ್ಗೆ ನಾಲ್ಕು ಗುಳಿಗೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಶಸ್ತ್ರಕ್ರಿಯೆಯ ದಿನ ಗೊತ್ತಾದ ಮೇಲೆ ಬಂಧುಗಳಲ್ಲಿ ಒಬ್ಬರು, “ರಕ್ತದ ಒತ್ತಡದ ಗುಳಿಗೆಯನ್ನು ಎರಡು ದಿನ ಮುಂಚೆಯೇ ನಿಲ್ಲಿಸಬೇಕು, ನಮ್ಮ ಭಾವನವರಿಗೂ ಹಾಗೆಯೇ ಹೇಳಿದ್ದರು” ಎಂದರು. ಅದು ನಿಂತಿತು. ಸಕ್ಕರೆ ಹೆಚ್ಚಾದರೆ ಶಸ್ತ್ರಕ್ರಿಯೆಯನ್ನು ಮಾಡುವುದಿಲ್ಲವೆಂಬ ಭಯದಿಂದ ಮಧುಮೇಹದ ಗುಳಿಗೆಗಳನ್ನು ಮಾತ್ರ ಹಿಂದಿನ ದಿನದವರೆಗೂ ಬಿಡದೆ ಕೊಟ್ಟರು. ಹಿಂದಿನ ರಾತ್ರಿ ಎಂಟು ಗಂಟೆಗೆ ಊಟವಾಯಿತು. ಅಲ್ಲಿಂದ ಮುಂದೆ ನೀರೂ ಇಲ್ಲ.

ಮರುದಿನ ಆಕೆಯ ಸರದಿ ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅರಿವಳಿಕೆ ಕೊಡುವ ವೈದ್ಯರು ಪರೀಕ್ಷಿಸಿದಾಗ ನಾಡಿ ನಿಮಿಷಕ್ಕೆ 118, ರಕ್ತದ ಒತ್ತಡ 196ಕ್ಕೆ 112. ಸಕ್ಕರೆ 142, ನೋಡಿದವರಿಗೆ ಸಮಾಧಾನವಾಗುವಂಥದೇ. ಆದರೆ ಆ ವೈದ್ಯರು ಅಷ್ಟಕ್ಕೆ ಬಿಡದೆ, “ತಾಯಿ, ಬೆಳಗಿನ ಗುಳಿಗೆಗಳ ಸ್ಟ್ರಿಪ್ಪುಗಳನ್ನು ತಂದಿದ್ದೀರಾ?” ಎಂದು ಕೇಳಿ, ಅವುಗಳ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಬೆರಳಿನಿಂದ ಒಂದು ಹನಿ ರಕ್ತವನ್ನು ತೆಗೆದು ಕೀಟೋನ್ ಎಂಬ ಆಮ್ಲಪದಾರ್ಥದ ಪ್ರಮಾಣವನ್ನು ನೋಡಿದರು. ಅದು 0.6ಕ್ಕಿಂತ ಕಡಮೆಯಿರಬೇಕಾದದ್ದು 2.4 ಇತ್ತು. ಶಸ್ತ್ರಕ್ರಿಯೆ ಆ ದಿನ ನಡೆಯಲಿಲ್ಲ. ಮನೆಯವರಿಗೆ ಮೊದಲು ಕೋಪ ಬಂದಿತು. ಆಮೇಲೆ, ನಿಲ್ಲಿಸಬಾರದಾಗಿದ್ದುದನ್ನು ನಿಲ್ಲಿಸಿ, ನಿಲ್ಲಿಸಬೇಕಾಗಿದ್ದುದನ್ನು ಕೊಟ್ಟದ್ದು ತಾವೇ ಎಂದು ತಿಳಿದು ನಾಚಿಕೆಯಾಯಿತು. ವಾಸ್ತವವಾಗಿ ತಪ್ಪು ಅವರೊಬ್ಬರದೇ ಅಲ್ಲ. ಗುಳಿಗೆ ಗುಳಿಗೆಗೂ ಹೆಸರು ಹಿಡಿದು, ಇದನ್ನು ಇಂಥ ದಿನದವರೆಗೆ, ಇದನ್ನು ಇಂಥ ಹೊತ್ತಿಗೆ ಎಂದು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ಉಪವಾಸವೇ ಏಕೆ ಬೇಕೆಂಬುದನ್ನು ಮೊದಲು ತಿಳಿಯೋಣ. ಎಚ್ಚರದಲ್ಲಿರುವ ಮನುಷ್ಯನಿಗೆ ನೀರು ತಪ್ಪಿ ಶ್ವಾಸನಾಳದ ಕಡೆಗೆ ಹೋದರೆ ಒಡನೆಯೇ ಕೆಮ್ಮು ಬಂದು ಅದನ್ನು ಹೊರಕ್ಕೆ ತಳ್ಳುತ್ತದೆ. ಅರಿವಳಿಕೆ ಕೊಟ್ಟಾಗ ಈ ಕಾವಲು ಮಲಗಿಬಿಡುತ್ತದೆ. ಜಠರದ ಬಾಯಿಯೂ ಸಡಿಲವಾಗುತ್ತದೆ. ಆಗ ಹೊಟ್ಟೆಯಲ್ಲಿದ್ದುದು ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೆ ಇಳಿಯಲು ಅಡ್ಡಿಯಿಲ್ಲ. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿವೈದ್ಯರಾದ ಕರ್ಟಿಸ್ ಮೆಂಡೆಲ್ಸನ್ ಎಂಬವರು ತಮ್ಮ ಆಸ್ಪತ್ರೆಯ 44,016 ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ, ಅವರಲ್ಲಿ 66 ಮಂದಿಗೆ ಹೀಗಾದುದನ್ನು ಪ್ರಕಟಿಸಿದರು. ಇಬ್ಬರು, ಘನವಾದ ಆಹಾರವು ಉಸಿರಿನ ದಾರಿಗೆ ಅಡ್ಡವಾಗಿ ಸತ್ತಿದ್ದರು. ಬರಿಯ ದ್ರವ ಹೋದಲ್ಲಿಯೂ ಕೇಡು ತಪ್ಪಿರಲಿಲ್ಲ. ಮೊಲಗಳ ಮೇಲೆ ಪ್ರಯೋಗ ಮಾಡಿ ಅವರು ಕಂಡುಕೊಂಡದ್ದೇನೆಂದರೆ, ಜಠರದ ಆಮ್ಲವೇ ಶ್ವಾಸಕೋಶವನ್ನು ಸುಡುವ ವಸ್ತು ಎಂಬುದು.

ಅಲ್ಲಿಂದ ಮುಂದೆ ಮಧ್ಯರಾತ್ರಿಯಾದ ಮೇಲೆ ಏನನ್ನೂ ಕೊಡಕೂಡದೆಂಬ ಕಟ್ಟಳೆ ಆಸ್ಪತ್ರೆಗಳಲ್ಲಿ ಬಲವಾಗಿ ಬೇರೂರಿತು. ಕಾಲಕ್ರಮದಲ್ಲಿ ವೈದ್ಯರಿಗೆ ಇನ್ನೊಂದು ಸಂಗತಿ ತಿಳಿದುಬಂದಿತು. ಅನ್ನವೂ ನೀರೂ ಜಠರವನ್ನು ಒಂದೇ ವೇಗದಿಂದ ಬಿಡುವುದಿಲ್ಲ. ಕುಡಿದ ನೀರಿನ ಅರ್ಧ ಭಾಗವು ಹತ್ತು ಇಪ್ಪತ್ತು ನಿಮಿಷಗಳಲ್ಲಿಯೇ ಕೆಳಕ್ಕೆ ಇಳಿದುಹೋಗುತ್ತದೆ. ಅನ್ನಕ್ಕೆ ಗಂಟೆಗಳು ಬೇಕು. ತುಪ್ಪ ಎಣ್ಣೆಗಳ ಪದಾರ್ಥಕ್ಕೆ ಇನ್ನೂ ಹೆಚ್ಚು. ಹಾಲು ನೋಡುವುದಕ್ಕೆ ದ್ರವವಾದರೂ ಜಠರದಲ್ಲಿ ಹೆಪ್ಪುಗಟ್ಟಿ ಆಹಾರದಂತೆಯೇ ನಿಲ್ಲುತ್ತದೆ. ಆದುದರಿಂದ 1999ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘವು ಹೊಸ ಕ್ರಮವನ್ನು ಗೊತ್ತುಮಾಡಿತು. ಇತರ ದೇಶಗಳೂ ಬಹುಮಟ್ಟಿಗೆ ಅದನ್ನೇ ಹಿಡಿದಿವೆ. ಆ ಕ್ರಮದ ಪ್ರಕಾರ ಕರಿದದ್ದು, ತುಪ್ಪದ ಅಡುಗೆ, ಮಾಂಸ ಇವುಗಳಾದ ಮೇಲೆ ಎಂಟು ಗಂಟೆ. ಲಘುವಾದ ಆಹಾರ ಅಥವಾ ಹಾಲಾದ ಮೇಲೆ ಆರು ಗಂಟೆ. ತಿಳಿನೀರಾದ ಮೇಲೆ ಎರಡು ಗಂಟೆ ಕಳೆದಿರಬೇಕು. ತಿಳಿ ಎಂದರೆ ಲೋಟದ ಆಚೆಗಿನ ಅಕ್ಷರವನ್ನು ಓದುವಂತೆ ಇರುವುದು. ಮಜ್ಜಿಗೆ, ಗಂಜಿ, ಹಾಲು ಬೆರೆಸಿದ ಕಾಫಿ ಇವು ಯಾವುವೂ ತಿಳಿಯಲ್ಲ. ಹೊರಡುವಾಗ ದೇವರ ಮುಂದೆ ಒಂದು ಉದ್ಧರಣೆ ತೀರ್ಥವನ್ನು ತೆಗೆದುಕೊಂಡರೆ ಅದು ನೀರಿನ ಲೆಕ್ಕಕ್ಕೆ ಸೇರುತ್ತದೆ. ಪ್ರಸಾದದ ಕೊಬ್ಬರಿ ಸಕ್ಕರೆಯನ್ನು ಮಾತ್ರ ಮನೆಗೆ ಹಿಂದಿರುಗುವವರೆಗೆ ಎತ್ತಿಡತಕ್ಕದ್ದು.

ಹೀಗಿರಲು, ಗುಳಿಗೆಯನ್ನು ನುಂಗಲು ಬೇಕಾದ ಗುಟುಕು ನೀರಿಗೆ ಹೆದರಬೇಕಾಗಿಲ್ಲ. ಗುಟುಕು ಎಂದರೆ ಎರಡು ದೊಡ್ಡ ಚಮಚ, ಸುಮಾರು 30 ಮಿಲಿಲೀಟರ್. ಏನನ್ನೂ ಸೇವಿಸದೆ ರಾತ್ರಿಯೆಲ್ಲ ಇದ್ದವರ ಜಠರದಲ್ಲಿಯೂ ಅದರ ಸ್ವಂತ ರಸ ಹೆಚ್ಚು ಕಡಮೆ ಅಷ್ಟು ಇದ್ದೇ ಇರುತ್ತದೆ. ಆದರೆ ಆ ಗುಟುಕು ನೀರಿನದೇ ಆಗಿರಬೇಕು. ಬರಿಯ ನೀರಿನಲ್ಲಿ ಗುಳಿಗೆ ಇಳಿಯದೆಂದು ಹಾಲಿನಲ್ಲಿಯೋ ಬಾಳೆಯಹಣ್ಣಿನ ತುಂಡಿನೊಡನೆಯೋ ಕೊಟ್ಟರೆ ಉಪವಾಸ ಕೆಟ್ಟಂತೆಯೇ. ಕಾರಣ, ಪ್ರಶ್ನೆಯಿರುವುದು ನೀರಿನಲ್ಲಲ್ಲ, ಗುಳಿಗೆಯಲ್ಲಿ. ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು?

ಇದಕ್ಕೆ ವೈದ್ಯರು ತಮ್ಮೊಳಗೇ ಕೇಳಿಕೊಳ್ಳುವ ಪ್ರಶ್ನೆಗಳು ಎರಡು. ಈ ಔಷಧವನ್ನು ಒಂದು ದಿನ ಬಿಟ್ಟರೆ ಏನು ಕೇಡಾಗುತ್ತದೆ? ಹೊಟ್ಟೆ ಖಾಲಿಯಾಗಿದ್ದು ಮೈ ಅರಿವಳಿಕೆಯ ವಶವಾಗಿರುವಾಗ ಇದು ಒಳಗಿದ್ದರೆ ಏನು ಕೇಡಾಗುತ್ತದೆ? ಈ ಎರಡು ಕೇಡುಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದೇ ಈ ವಿಷಯದ ಸಾರ. ನಮ್ಮ ಹಿರಿಯಾಕೆಯ ನಾಲ್ಕು ಗುಳಿಗೆಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಎದ್ದೊಡನೆ ತೆಗೆದುಕೊಳ್ಳುವ ಥೈರಾಕ್ಸಿನ್, 50 ಮೈಕ್ರೋಗ್ರಾಂ. ಇದು ದೇಹದಲ್ಲಿಯೇ ಹುಟ್ಟಬೇಕಾದ ರಸದ ಬದಲಿಗೆ ಕೊಡುವಂಥದು. ಇದರ ಬಲ ಅರ್ಧಕ್ಕೆ ಇಳಿಯುವುದಕ್ಕೆ ಒಂದು ವಾರ ಹಿಡಿಯುತ್ತದೆ. ಒಂದು ದಿನ ತಪ್ಪಿದರೆ ಪ್ರಮಾದವಿಲ್ಲ. ತೆಗೆದುಕೊಂಡರೆ ಅರಿವಳಿಕೆಗೆ ಯಾವ ಅಡ್ಡಿಯೂ ಇಲ್ಲ. ಆದುದರಿಂದ ನಿತ್ಯದಂತೆ ನುಂಗುವುದೇ ಕ್ರಮ.

ಎರಡನೆಯದು ರಕ್ತದ ಒತ್ತಡದ ಗುಳಿಗೆ. ಇಲ್ಲಿ ವಾಚಕರು ಸ್ವಲ್ಪ ನಿಧಾನಿಸಬೇಕು. ಮನೆಯವರು ಅದನ್ನು “ಬೀಪಿ ಗುಳಿಗೆ” ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಸ್ಟ್ರಿಪ್ಪಿನ ಬೆನ್ನಿನಲ್ಲಿ ಬರೆದಿದ್ದುದು ಎರಡು ಹೆಸರು: ಟೆಲ್ಮಿಸಾರ್ಟನ್ 40, ಮೆಟೊಪ್ರೊಲಾಲ್ 25. ಒಂದೇ ಗುಳಿಗೆಯೊಳಗೆ ಎರಡು ಔಷಧಗಳು. ಇವೆರಡರ ತೂಕವೂ ಬೇರೆ ಬೇರೆ.

ಮೆಟೊಪ್ರೊಲಾಲ್ ಹೃದಯಕ್ಕೆ ಹಾಕಿದ ಕಡಿವಾಣ. ಬಹುಕಾಲ ಕಡಿವಾಣದಲ್ಲಿ ನಡೆದ ಕುದುರೆಯಿಂದ ಅದನ್ನು ಫಕ್ಕನೆ ಕಿತ್ತರೆ ಮುಂಚಿಗಿಂತ ಹೆಚ್ಚಾಗಿ ಓಡುವಂತೆ, ಈ ಔಷಧವನ್ನು ಒಮ್ಮೆಗೇ ನಿಲ್ಲಿಸಿದರೆ ಹೃದಯದ ಬಡಿತ ಮೊದಲಿಗಿಂತ ಹೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ಶಸ್ತ್ರಕ್ರಿಯೆಯ ನೋವೂ ಆತಂಕವೂ ಕೂಡಿದರೆ, ವಯಸ್ಸಾದ ಹೃದಯಕ್ಕೆ ಅದರ ಪಾಲಿನ ರಕ್ತ ಸಾಲದೆ ಹೃದಯಾಘಾತವಾಗಬಹುದು. ಆಕೆಯ ನಾಡಿ 118ಕ್ಕೆ ಏರಿದುದಕ್ಕೆ ಎರಡು ದಿನ ಈ ಗುಳಿಗೆ ತಪ್ಪಿದುದೇ ಮುಖ್ಯ ಕಾರಣ. ಆದುದರಿಂದ, ನಿತ್ಯವೂ ತೆಗೆದುಕೊಳ್ಳುತ್ತಿರುವವರು ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್ ಎಂಬ ಈ ಜಾತಿಯ ಔಷಧವನ್ನು ಶಸ್ತ್ರಕ್ರಿಯೆಯ ಬೆಳಗ್ಗೆಯೂ ಗುಟುಕು ನೀರಿನಲ್ಲಿ ನುಂಗತಕ್ಕದ್ದು. ಹಿಂದೆ ಎಂದೂ ತೆಗೆದುಕೊಳ್ಳದವರು ಆ ದಿನ ಹೊಸದಾಗಿ ಆರಂಭಿಸುವುದು ಮಾತ್ರ ತಪ್ಪು. ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚೆಂದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಿಂದ ತಿಳಿದಿದೆ.

ಟೆಲ್ಮಿಸಾರ್ಟನ್ನಿನ ಕಥೆ ಬೇರೆ. ಅರಿವಳಿಕೆಯ ಔಷಧಗಳು ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡವನ್ನು ಇಳಿಸುತ್ತವೆ. ಆಗ ಮೂತ್ರಪಿಂಡಗಳು ಎಚ್ಚೆತ್ತು, ನಾಳಗಳನ್ನು ಬಿಗಿಯುವ ಒಂದು ರಸವು ರಕ್ತದಲ್ಲಿ ಹುಟ್ಟುವಂತೆ ಮಾಡಿ ಒತ್ತಡವನ್ನು ಎತ್ತಿ ಹಿಡಿಯಲು ನೋಡುತ್ತವೆ. ಆ ರಸದ ಕೆಲಸವನ್ನು ತಡೆಯುವುದೇ ಟೆಲ್ಮಿಸಾರ್ಟನ್ನಿನ ಗುಣ. ಆದುದರಿಂದ ಅದು ಮೈಯಲ್ಲಿದ್ದರೆ ಒತ್ತಡ ಕೆಳಗಿಳಿದು ಬೇಗನೆ ಮೇಲೇಳದಿರಬಹುದು. ಈ ಕಾರಣದಿಂದ ಅನೇಕ ವೈದ್ಯರು ಇದನ್ನೂ ಇದರ ಬಂಧುಗಳಾದ ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಮೊದಲಾದವನ್ನೂ ಇಪ್ಪತ್ತನಾಲ್ಕು ಗಂಟೆ ಮುಂಚಿನಿಂದ ಬಿಡಿಸುತ್ತಾರೆ. ಇದರಲ್ಲಿ ವೈದ್ಯರೆಲ್ಲರೂ ಒಮ್ಮತದವರೆಂದು ನಾವು ಹೇಳಲಾರೆವು. 2024ರಲ್ಲಿ ಫ್ರಾನ್ಸ್ ದೇಶದ 2,222 ರೋಗಿಗಳ ಪರೀಕ್ಷೆಯ ಫಲ ಪ್ರಕಟವಾಯಿತು. ಬಿಡದೆ ತೆಗೆದುಕೊಂಡವರಲ್ಲಿ ಶಸ್ತ್ರಕ್ರಿಯೆಯ ನಡುವೆ ಒತ್ತಡ ಇಳಿದದ್ದು ಹೆಚ್ಚು. ಆದರೆ ಮರಣದಲ್ಲಿಯಾಗಲಿ ದೊಡ್ಡ ತೊಡಕುಗಳಲ್ಲಿಯಾಗಲಿ ಭೇದ ಕಾಣಲಿಲ್ಲ. ಆದುದರಿಂದ ಒಬ್ಬ ವೈದ್ಯರು ಬಿಡಿರೆಂದು ಹೇಳಿ ಇನ್ನೊಬ್ಬರು ತೆಗೆದುಕೊಳ್ಳಿರೆಂದು ಹೇಳಿದರೆ ಯಾರೋ ತಪ್ಪಿದರೆಂದು ಗಾಬರಿಪಡಬೇಕಾಗಿಲ್ಲ. ಅಂದು ಅರಿವಳಿಕೆ ಕೊಡುವವರು ಹೇಳಿದುದೇ ಪ್ರಮಾಣ.

ಮೂರನೆಯದು ಗ್ಲಿಮೆಪಿರೈಡ್, 1 ಮಿಲಿಗ್ರಾಂ. ಬೆಳಗಿನ ಉಪಾಹಾರಕ್ಕೆ ಮುಂಚೆ ತೆಗೆದುಕೊಳ್ಳುವಂಥದು. ಇದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಬರಿಸುತ್ತದೆ. ಮುಂದೆ ಊಟವಿದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಉಪವಾಸದ ದಿನ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಎಚ್ಚರದಲ್ಲಿದ್ದರೆ ಬೆವರು, ನಡುಕ, ಕಣ್ಣು ಮಂಜಾಗುವುದು ಇವುಗಳಿಂದ ಗೊತ್ತಾದೀತು. ಅರಿವಳಿಕೆಯಲ್ಲಿ ಮಲಗಿದವರು ಹೇಳುವುದು ಹೇಗೆ? ಆ ಬೆಳಗ್ಗೆ ಇದನ್ನು ಬಿಡಲೇಬೇಕು.

ನಾಲ್ಕನೆಯದು ಉಪಾಹಾರವಾದ ಮೇಲಿನ ಗುಳಿಗೆ. ಇದರಲ್ಲಿಯೂ ಎರಡು ಔಷಧಗಳು: ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್. ಮೆಟ್‌ಫಾರ್ಮಿನ್ನನ್ನು ಆ ಬೆಳಗ್ಗೆ ಬಿಟ್ಟರೆ ಸಾಕು. ಆಕೆಯನ್ನು ಹಿಂದಕ್ಕೆ ಕಳುಹಿಸಿದುದು ಡಾಪಾಗ್ಲಿಫ್ಲೋಜಿನ್. 2020ರಲ್ಲಿ ಇದರ ಪೇಟೆಂಟಿನ ಅವಧಿ ಮುಗಿದ ಮೇಲೆ ನಮ್ಮ ದೇಶದಲ್ಲಿ ಇದು ಅಗ್ಗವಾಗಿ, ಅನೇಕ ಹೆಸರುಗಳಲ್ಲಿ, ಅನೇಕ ಜೋಡಿಗಳಲ್ಲಿ ಮನೆಮನೆಯನ್ನು ಸೇರಿದೆ. ಇದು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಕ್ಕೆ ಹಾಕುತ್ತದೆ. ಊಟ ಮಾಡುತ್ತಿರುವಾಗ ಇದು ಉಪಕಾರವೇ. ಉಪವಾಸದಲ್ಲಿ ಮಾತ್ರ, ಒಳಕ್ಕೆ ಬರುವುದು ನಿಂತರೂ ಹೊರಕ್ಕೆ ಹೋಗುವುದು ನಿಲ್ಲದು. ಆಗ ದೇಹವು ಕೊಬ್ಬನ್ನು ಉರಿಸತೊಡಗುತ್ತದೆ. ಅದರ ಹೊಗೆಯೋ ಎಂಬಂತೆ ಕೀಟೋನ್ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಸಾಮಾನ್ಯವಾಗಿ ಮಧುಮೇಹಿಗಳಿಗೆ ಈ ಆಮ್ಲವಿಷ ಏರುವಾಗ ಸಕ್ಕರೆಯೂ 300, 400 ಎಂದು ಏರಿ ಎಚ್ಚರಿಕೆ ಕೊಡುತ್ತದೆ. ಇಲ್ಲಿ ಸಕ್ಕರೆ ಹೊರಕ್ಕೆ ಹರಿದುಹೋಗುತ್ತಿರುವುದರಿಂದ ಯಂತ್ರದಲ್ಲಿ 142 ಎಂದು ಸಾಧುವಾದ ಅಂಕಿಯೇ ಕಾಣುತ್ತದೆ. ವಾಕರಿಕೆ, ಹೊಟ್ಟೆನೋವು, ಆಳವಾಗಿ ಬೇಗ ಬೇಗ ಬರುವ ಉಸಿರು, ಅತಿಯಾದ ಆಯಾಸ ಇವೇ ಇದರ ಲಕ್ಷಣಗಳು. ಶಸ್ತ್ರಕ್ರಿಯೆಯಾದ ಮೇಲೆ ಇವು ಬಂದರೆ ಅರಿವಳಿಕೆಯ ಆಯಾಸವೆಂದೇ ಎಲ್ಲರೂ ತಿಳಿಯುವರು. ಈ ಔಷಧದ ಬಲವು ನಿಲ್ಲಿಸಿದ ಮೇಲೂ ದಿನಗಟ್ಟಲೆ ಇರುವುದರಿಂದ ಆ ಬೆಳಗ್ಗೆ ಬಿಟ್ಟರೆ ಸಾಲದು. 2020ರ ಮಾರ್ಚಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಇವನ್ನು ಶಸ್ತ್ರಕ್ರಿಯೆಗೆ ಮೂರು ದಿನ ಮುಂಚಿತವಾಗಿಯಾದರೂ ನಿಲ್ಲಿಸಬೇಕೆಂದು ಗೊತ್ತುಮಾಡಿತು. ಸ್ಟ್ರಿಪ್ಪಿನ ಮೇಲಿನ ಔಷಧದ ಹೆಸರು “ಗ್ಲಿಫ್ಲೋಜಿನ್” ಎಂದು ಮುಗಿಯುತ್ತಿದ್ದರೆ ದಿನ ಗೊತ್ತಾದ ಕೂಡಲೆ ವೈದ್ಯರಿಗೆ ತಿಳಿಸತಕ್ಕದ್ದು. ಈ ಔಷಧವನ್ನು ಹೃದಯದ ದೌರ್ಬಲ್ಯಕ್ಕಾಗಿಯೂ ಕೊಡುವುದುಂಟು. ಅಂಥವರು ತಾವಾಗಿ ನಿಲ್ಲಿಸದೆ ಹೃದಯವೈದ್ಯರನ್ನು ಕೇಳಬೇಕು.

ಈಗ ವಾಚಕರಿಗೆ ಒಂದು ತೊಡಕು ಕಂಡಿರಬಹುದು. ಮೆಟೊಪ್ರೊಲಾಲನ್ನು ನುಂಗಬೇಕು, ಟೆಲ್ಮಿಸಾರ್ಟನ್ನನ್ನು ಬಿಡಬೇಕು; ಎರಡೂ ಇರುವುದು ಒಂದೇ ಗುಳಿಗೆಯಲ್ಲಿ. ಮುರಿದರೆ ಎರಡೂ ಅರ್ಧವಾಗುತ್ತವೆಯೇ ಹೊರತು ಒಂದರಿಂದೊಂದು ಬೇರೆಯಾಗವು. ಅಲ್ಲದೆ ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಯನ್ನು ಪುಡಿಮಾಡಿದರೆ ದಿನದ ಔಷಧವೆಲ್ಲ ಒಮ್ಮೆಗೇ ಬಿಡುಗಡೆಯಾಗುವ ಭಯವುಂಟು. ಇಂಥ ಜೋಡಿಗುಳಿಗೆಗಳು ನಮ್ಮ ಅಂಗಡಿಗಳಲ್ಲಿ ಬಹಳ. ಗುಳಿಗೆಗಳ ಎಣಿಕೆ ಕಡಮೆಯಾಗುವುದರಿಂದ ನಿತ್ಯದಲ್ಲಿ ಅವು ಅನುಕೂಲವೇ. ಶಸ್ತ್ರಕ್ರಿಯೆಯ ಬೆಳಗ್ಗೆ ಅವುಗಳೇ ತೊಡಕು. ಇದಕ್ಕೆ ಇರುವ ಉಪಾಯ ಒಂದೇ. ವೈದ್ಯರಿಂದ ಮೊದಲೇ ಬಿಡಿ ಔಷಧವನ್ನು ಬರೆಯಿಸಿಕೊಂಡು ತಂದಿಟ್ಟುಕೊಳ್ಳಬೇಕು. ಬೆಳಗಿನ ಐದು ಗಂಟೆಗೆ ಈ ತೊಡಕು ನೆನಪಾದರೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಮೂರು ವಾರಗಳ ತರುವಾಯ ಎರಡನೆಯ ಸಾರಿ ದಿನ ಗೊತ್ತಾದಾಗ ಆ ಮನೆಯವರು ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಒಂದು ವಾರ ಮೊದಲೇ ಅರಿವಳಿಕೆಯ ವೈದ್ಯರಲ್ಲಿಗೆ ಹೋದರು. ಅವರು ಒಂದು ಕಾಗದದ ಮೇಲೆ ಬರೆದುಕೊಟ್ಟರು. ಸೊಸೆ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಶಸ್ತ್ರಕ್ರಿಯೆ ಗುರುವಾರ ಬೆಳಗ್ಗೆ ಒಂಬತ್ತಕ್ಕೆ. ಡಾಪಾಗ್ಲಿಫ್ಲೋಜಿನ್ ಇರುವ ಜೋಡಿಗುಳಿಗೆ ಭಾನುವಾರಕ್ಕೆ ಕೊನೆ. ಸೋಮವಾರದಿಂದ ಬುಧವಾರದವರೆಗೆ ಅದರ ಬದಲಿಗೆ ಬರಿಯ ಮೆಟ್‌ಫಾರ್ಮಿನ್. ಬೆಳಗ್ಗೆ ಸಂಜೆ ಮನೆಯಲ್ಲಿಯೇ ಸಕ್ಕರೆಯನ್ನು ನೋಡುವುದು. ಗ್ಲಿಮೆಪಿರೈಡ್ ಬುಧವಾರ ಬೆಳಗಿನವರೆಗೆ. ಬೀಪಿಯ ಜೋಡಿಗುಳಿಗೆ ಬುಧವಾರ ಬೆಳಗ್ಗೆ ಏಳಕ್ಕೆ ಕೊನೆ. ಬುಧವಾರ ರಾತ್ರಿ ಎಂಟೂವರೆಗೆ ಅನ್ನ, ತಿಳಿಸಾರು, ಕರಿದದ್ದು ಬೇಡ. ರಾತ್ರಿಯ ಕೊಲೆಸ್ಟರಾಲಿನ ಗುಳಿಗೆ ಎಂದಿನಂತೆ.

ಗುರುವಾರ ಐದು ಗಂಟೆಗೆ ಎದ್ದು ಸಕ್ಕರೆಯನ್ನು ನೋಡಿದರು, 118 ಇತ್ತು. 70ಕ್ಕಿಂತ ಕೆಳಗಿದ್ದರೆ ಅಥವಾ ಬೆವರು ನಡುಕಗಳು ಬಂದರೆ ಕಾಯದೆ ಆಸ್ಪತ್ರೆಗೆ ಫೋನು ಮಾಡಬೇಕೆಂದೂ, ಒಡನೆಯೇ ಸಕ್ಕರೆ ಕದಡಿದ ತಿಳಿನೀರನ್ನು ಕೊಡಬಹುದೆಂದೂ ಕಾಗದದಲ್ಲಿತ್ತು, ಅದು ಬೇಕಾಗಲಿಲ್ಲ. ಐದೂವರೆಗೆ ಥೈರಾಕ್ಸಿನ್ ಮತ್ತು ಬಿಡಿಯಾಗಿ ತಂದಿಟ್ಟಿದ್ದ ಮೆಟೊಪ್ರೊಲಾಲ್ 25, ಎರಡನ್ನೂ ಗುಟುಕು ನೀರಿನಲ್ಲಿ ನುಂಗಿಸಿದರು. ಮಧುಮೇಹದ ಗುಳಿಗೆ ಒಂದೂ ಇಲ್ಲ. ಬಾಯಾರಿದರೆ ಏಳು ಗಂಟೆಯವರೆಗೆ ನೀರು ಕುಡಿಯಬಹುದೆಂದಿತ್ತು; ಆಕೆ ಆರೂಮುಕ್ಕಾಲಿಗೆ ಅರ್ಧ ಲೋಟ ಕುಡಿದರು. ಸೊಸೆ, “ಅತ್ತೆ, ನೀರೂ ಕುಡಿಯಬಹುದೆಂದರೆ ಇದೆಂಥ ಉಪವಾಸ?” ಎಂದಳಂತೆ. “ನನ್ನ ಏಕಾದಶಿಗಿಂತ ಸುಲಭ, ಶಿಸ್ತು ಮಾತ್ರ ಹೆಚ್ಚು” ಎಂದು ಅತ್ತೆಯ ಉತ್ತರ. ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ನೋಡಿದಾಗ ನಾಡಿ 72, ಒತ್ತಡ 146ಕ್ಕೆ 84, ಕೀಟೋನ್ 0.3. ಹತ್ತೂವರೆಗೆ ಪಿತ್ತಕೋಶ ಹೊರಕ್ಕೆ ಬಂದಿತ್ತು.

ಮತ್ತೆ ಆರಂಭಿಸುವುದಕ್ಕೂ ಕ್ರಮವುಂಟು. ಮೆಟೊಪ್ರೊಲಾಲ್ ಮರುದಿನವೂ ತಪ್ಪಲಿಲ್ಲ. ಟೆಲ್ಮಿಸಾರ್ಟನ್ ಒತ್ತಡ ನೆಲೆಗೆ ನಿಂತ ಮೇಲೆ, ಮರುದಿನ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಇವು ಊಟ ಆರಂಭವಾದ ಮೇಲೆ. ಡಾಪಾಗ್ಲಿಫ್ಲೋಜಿನ್ ಮಾತ್ರ ಎಂದಿನಂತೆ ಹೊಟ್ಟೆತುಂಬ ಉಣ್ಣುವುದು ಎರಡು ಮೂರು ದಿನ ನಡೆದ ಬಳಿಕ. ಮನೆಗೆ ಬಂದ ಮೇಲೆ ಹಳೆಯ ಅಭ್ಯಾಸದಿಂದ ಎಲ್ಲವನ್ನೂ ಒಟ್ಟಿಗೆ ನುಂಗಿಸುವುದು, ಅಥವಾ ನಿಲ್ಲಿಸಿದುದನ್ನು ಮರೆತೇಬಿಡುವುದು, ಎರಡೂ ನಡೆಯುವ ತಪ್ಪುಗಳು.

ಆಕೆಯ ಪೆಟ್ಟಿಗೆಯಲ್ಲಿ ಇಲ್ಲದಿದ್ದ, ಆದರೆ ವಾಚಕರ ಮನೆಗಳಲ್ಲಿ ಇರಬಹುದಾದ ಕೆಲವು ಔಷಧಗಳ ಮಾತನ್ನು ಹೇಳದೆ ಮುಗಿಸಲಾಗದು. ಮೂರ್ಛೆರೋಗದ ಗುಳಿಗೆ, ಪಾರ್ಕಿನ್‌ಸನ್ ಕಂಪವಾಯುವಿನ ಗುಳಿಗೆ, ಉಬ್ಬಸದ ಇನ್‌ಹೇಲರು ಇವನ್ನು ಸಾಮಾನ್ಯವಾಗಿ ಬಿಡಿಸುವುದಿಲ್ಲ. ಬಹುಕಾಲ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿರುವವರಲ್ಲಿ ಆ ಜಾತಿಯ ರಸವನ್ನು ತಾನೇ ಹುಟ್ಟಿಸುವ ಶಕ್ತಿ ದೇಹಕ್ಕೆ ಕುಂದಿರುತ್ತದೆ. ಅದನ್ನು ಬಿಟ್ಟರೆ ಒತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟದ ಹೊತ್ತಿನದನ್ನು ಬಿಟ್ಟರೂ ದಿನವಿಡೀ ಇರುವ ನಿಧಾನದ ಇನ್ಸುಲಿನ್ನನ್ನು ಪೂರ್ತಿಯಾಗಿ ಬಿಡಬಾರದು. ಎಷ್ಟು ಕಡಮೆ ಮಾಡಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ರಕ್ತವನ್ನು ತಿಳಿಮಾಡುವ ಔಷಧಗಳ ತೀರ್ಮಾನ ಆ ಬೆಳಗಿನದಲ್ಲ, ಒಂದು ವಾರ ಮುಂಚಿನದು. ಹೃದಯದ ನಾಳದಲ್ಲಿ ಸ್ಟೆಂಟ್ ಇಟ್ಟಿರುವವರು ಆಸ್ಪಿರಿನ್ನನ್ನಾಗಲಿ ಕ್ಲೊಪಿಡೊಗ್ರೆಲ್ಲನ್ನಾಗಲಿ ನೆರೆಯವರ ಮಾತಿನಿಂದ ನಿಲ್ಲಿಸಿದರೆ ಆ ಸ್ಟೆಂಟೇ ಕಟ್ಟಿಕೊಂಡೀತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಜಾತಿಯ ಔಷಧವು ಜಠರವನ್ನೇ ನಿಧಾನಗೊಳಿಸುವುದರಿಂದ ಎಂಟು ಗಂಟೆಯ ಉಪವಾಸವೂ ಸಾಲದೆ ಹೋಗಬಹುದು. ಅದನ್ನು ಗುಳಿಗೆಯಲ್ಲವೆಂದು ಹೇಳದೆ ಬಿಡಬಾರದು.

ಉಪವಾಸ ಕೆಟ್ಟರೆ ಮಾಡಬೇಕಾದುದೇನು? ಹೇಳಿಬಿಡುವುದು. ಅರ್ಧ ಲೋಟ ಕಾಫಿ ಕುಡಿದುದನ್ನು ಮುಚ್ಚಿಟ್ಟರೆ ಅರಿವಳಿಕೆಯ ವೈದ್ಯರು ಹೊಟ್ಟೆ ಖಾಲಿಯೆಂದೇ ನಂಬಿ ಮುಂದುವರಿಯುತ್ತಾರೆ. ಹೇಳಿದರೆ ಹೆಚ್ಚೆಂದರೆ ಕೆಲವು ಗಂಟೆಗಳ ಅಥವಾ ಒಂದು ದಿನದ ವಿಳಂಬವಾದೀತು. ಹಾಗೆಯೇ ಬಿಡಬೇಕಾಗಿದ್ದ ಗುಳಿಗೆಯನ್ನು ಮರೆತು ನುಂಗಿದ್ದರೆ ಅದರ ಹೆಸರನ್ನೂ ಹೊತ್ತನ್ನೂ ಹೇಳತಕ್ಕದ್ದು. ನುಂಗಬೇಕಾಗಿದ್ದುದು ತಪ್ಪಿದ್ದರೆ ಅದನ್ನೂ ಹೇಳತಕ್ಕದ್ದು. ಸರದಿ ಮಧ್ಯಾಹ್ನಕ್ಕೆ ಸರಿದರೆ, ನೀರನ್ನು ಯಾವ ಹೊತ್ತಿನವರೆಗೆ ಕುಡಿಯಬಹುದೆಂದು ದಾದಿಯರನ್ನು ಕೇಳುವುದಕ್ಕೆ ಸಂಕೋಚ ಬೇಡ.

ಇಷ್ಟು ಓದಿದ ಮೇಲೆ, ನಮ್ಮ ಹಿರಿಯಾಕೆಯ ಕಾಗದವನ್ನೇ ನೋಡಿ ತಮ್ಮ ಮನೆಯ ಗುಳಿಗೆಗಳನ್ನು ವಾಚಕರು ವಿಂಗಡಿಸಬಾರದು. ಬಂಧುಗಳ ಭಾವನವರಿಗೆ ಹೇಳಿದುದನ್ನು ಆಕೆಗೆ ಹಚ್ಚಿದುದೇ ಮೊದಲ ಸಾರಿಯ ಅನರ್ಥಕ್ಕೆ ಮೂಲವಲ್ಲವೆ? ಅವರವರ ಗುಳಿಗೆಗಳಿಗೆ, ಅವರವರ ಶಸ್ತ್ರಕ್ರಿಯೆಗೆ ತಕ್ಕ ಕಾಗದ ಬೇರೆಯೇ ಇರುತ್ತದೆ. ಕಣ್ಣಿನ ಪೊರೆಯಂಥ ಸಣ್ಣ ಕೆಲಸಕ್ಕೆ ಎಷ್ಟೋ ಕಡೆ ಉಪವಾಸವೇ ಬೇಡವೆನ್ನುತ್ತಾರೆ. ದಿನ ಗೊತ್ತಾದೊಡನೆ, ಅಂದರೆ ಒಂದು ವಾರವಾದರೂ ಮುಂಚೆ, ಸ್ಟ್ರಿಪ್ಪುಗಳ ಚೀಲವನ್ನು ಅರಿವಳಿಕೆಯ ವೈದ್ಯರ ಮೇಜಿನ ಮೇಲೆ ಸುರಿದು, ಒಂದೊಂದನ್ನೂ ತೋರಿಸಿ, ಕೊನೆಯ ಸಾರಿ ಯಾವಾಗ, ಆ ಬೆಳಗ್ಗೆ ಉಂಟೋ ಇಲ್ಲವೋ, ಮತ್ತೆ ಎಂದಿನಿಂದ ಎಂಬ ಮೂರು ಮಾತುಗಳನ್ನು ಅದರದರ ಹೆಸರಿನ ಮುಂದೆ ಬರೆಯಿಸಿಕೊಂಡು ಬರತಕ್ಕದ್ದು. ಆ ಮನೆಯ ಅಡುಗೆಮನೆಯ ಗೋಡೆಯ ಮೇಲೆ ಆ ಕಾಗದವು ಇನ್ನೂ ಇದೆ. ಸೊಸೆ ಅದನ್ನು ತೆಗೆಯಹೋದಾಗ ಅತ್ತೆ, “ಇರಲಿ ಬಿಡು, ನಿನ್ನ ಮಾವನವರ ಹರ್ನಿಯಾ ಇದೆಯಲ್ಲ” ಎಂದರಂತೆ. ಅವರ ಗುಳಿಗೆಗಳು ಬೇರೆಯೆಂದೂ, ಅವರಿಗೆ ಬೇರೆ ಕಾಗದವೇ ಬೇಕೆಂದೂ ನಾವು ಹೇಳಿಕಳುಹಿಸಿದ್ದೇವೆ.